ಸಹಾಯ ಬೇಕು: ಟೀ ಅಂಗಡಿ ಫ್ರಾಂಚೈಸಿ ಬ್ರೋಷರ್ ಒಮ್ಮೆ ನೋಡಿ ಹೇಳ್ತೀರಾ?

ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಮೂರು ಟೀ ಅಂಗಡಿ. ಫ್ರಾಂಚೈಸಿ ಕೇಳಿ ಬರೋರಿಗೆ ಕೊಡಲು ಎರಡು ಪುಟದ ಬ್ರೋಷರ್ ಬರೀತಿದ್ದೀನಿ.

ಹೂಡಿಕೆ ಹೀಗೆ ಬರೆದಿದ್ದೇನೆ: ಫ್ರಾಂಚೈಸಿ ಶುಲ್ಕ 1.5 ಲಕ್ಷ, ಅದಕ್ಕೆ 18% ಜಿಎಸ್‌ಟಿ 27,000. (ಇದನ್ನ ಬಹಳಷ್ಟು ಜನ ಸಣ್ಣ ಅಕ್ಷರದಲ್ಲಿ ಮುಚ್ಚಿಡ್ತಾರೆ.) ಕೌಂಟರ್, ಒಲೆ, ಪಾತ್ರೆ, ಬೋರ್ಡಿಗೆ 2 ಲಕ್ಷ. ಮಳಿಗೆ ಅಡ್ವಾನ್ಸ್ ಸುಮಾರು 1 ಲಕ್ಷ, ಅದು ಮಾಲೀಕರಿಗೆ, ನಮಗಲ್ಲ. ಒಟ್ಟು 4.77 ಲಕ್ಷ.

ನಮ್ಮ ಕಡೆಯಿಂದ ಹತ್ತು ದಿನ ನಮ್ಮ ಅಂಗಡಿಯಲ್ಲೇ ತರಬೇತಿ, ಮೊದಲ ವಾರ ನಮ್ಮ ಒಬ್ಬ ಟೀ ಮಾಸ್ಟರ್. ರಾಯಲ್ಟಿ ಇಲ್ಲ, ಆದರೆ ಟೀಪುಡಿ ನಮ್ಮಿಂದಲೇ ತಗೋಬೇಕು. ನಮ್ಮ ಲಾಭ ಅದರಲ್ಲೇ ಇದೆ ಅಂತಲೂ ಬರೆದಿದ್ದೇನೆ. ಹುಡುಗರನ್ನ ಹುಡುಕಿಕೊಡೋದು ನಮ್ಮ ಕೈಲಾಗಲ್ಲ.

ಜಗಳ ಇರೋದು ಕೊನೆಯ ಭಾಗದಲ್ಲಿ. ಟೀ 15 ರೂಪಾಯಿ. ಹಾಲು, ಪುಡಿ, ಸಕ್ಕರೆ, ಗ್ಯಾಸ್, ಪೇಪರ್ ಕಪ್ ಸೇರಿ ಖರ್ಚು 7. ಉಳಿಯೋದು 8. ಬಾಡಿಗೆ, ಇಬ್ಬರ ಸಂಬಳ, ಕರೆಂಟ್ ತಿಂಗಳಿಗೆ 54,000. ಅಂದರೆ ದಿನಕ್ಕೆ 225 ಕಪ್ ಹೋದರೂ ಕೈಗೆ ಸೊನ್ನೆ. 300 ಕಪ್ ಹೋದರೆ 18,000. ಅಡ್ವಾನ್ಸ್ ಬಿಟ್ಟು ಹಾಕಿದ ದುಡ್ಡು ವಾಪಸ್ ಬರಲು 21 ತಿಂಗಳು. ಬೇಸಿಗೆಯಲ್ಲಿ ಮಧ್ಯಾಹ್ನದ ವ್ಯಾಪಾರ ಬಿದ್ದರೆ ಇನ್ನೂ ತಡ.

"ಇದನ್ನ ಓದಿದ್ರೆ ಯಾರೂ ಫೋನ್ ಮಾಡಲ್ಲ ಕಣಪ್ಪಾ" ಅಂತಾರೆ ನಮ್ಮ ಭಾವ. ನನಗೆ ಇದು ಮೊದಲ ಪುಟದಲ್ಲೇ ಬೇಕು. ಫ್ರಾಂಚೈಸಿ ತಗೊಂಡವರು ಯಾರಾದ್ರೂ ಇದ್ದರೆ ಹೇಳಿ, ನಿಮಗೆ ಯಾವ ಖರ್ಚು ಮೊದಲೇ ಹೇಳಿರಲಿಲ್ಲ? ಅದನ್ನೂ ಸೇರಿಸ್ತೀನಿ.