ವಾಕ್ಯದ ಉದ್ದ ಮತ್ತು ಓದುಸುಲಭತೆಯ ಅಂಕ: ನಿಮ್ಮ ಅನುಭವವೇನು?

ಕೇಳಿದವರು: ನಮ್ಮ ಸಹಕಾರ ಸಂಘದ ಉಪವಿಧಿಗಳನ್ನು ಸರಳ ಕನ್ನಡಕ್ಕೆ ತಿದ್ದುತ್ತಿದ್ದೇವೆ. ಓದುಸುಲಭತೆಯ ಅಂಕ ಕೊಡುವ ತಂತ್ರಾಂಶವನ್ನು ನಂಬಬಹುದೇ? ವಾಕ್ಯಕ್ಕೆ ಎಷ್ಟು ಪದಗಳ ಮಿತಿ ಇಟ್ಟುಕೊಳ್ಳಬೇಕು?

ಕೈಪಿಡಿ ಸಂಪಾದಕ: ಹನ್ನೆರಡು ಪದ ಮೀರಿದ ವಾಕ್ಯವನ್ನು ನಾನು ಒಡೆದೇ ತೀರುತ್ತೇನೆ. ರೈತರಿಗಾಗಿ ಸಿದ್ಧಪಡಿಸಿದ ಕೈಪಿಡಿಯನ್ನು ಇದೇ ನಿಯಮದಿಂದ ತಿದ್ದಿದ ಮೇಲೆ ವಿವರಣೆ ಕೇಳಿ ಬರುವ ಕರೆಗಳು ಕಡಿಮೆಯಾದವು. ಉದ್ದ ವಾಕ್ಯವನ್ನು ಸಮರ್ಥಿಸುವವರು ಓದುಗರ ಕಷ್ಟವನ್ನು ಕಂಡವರಲ್ಲ.

ಸಂಘದ ಮಾಜಿ ಕಾರ್ಯದರ್ಶಿ: ಕಂಡವನಾದ್ದರಿಂದಲೇ ಹೇಳುತ್ತಿದ್ದೇನೆ. ನಮ್ಮಲ್ಲಿ "ಮೂರು ಕಂತು ಬಾಕಿ ಉಳಿಸಿಕೊಂಡು, ನೋಟಿಸು ತಲುಪಿದ ಮೂವತ್ತು ದಿನಗಳೊಳಗೆ ಉತ್ತರವನ್ನೂ ನೀಡದ ಸದಸ್ಯರ ಮತದಾನದ ಹಕ್ಕನ್ನು ಅಮಾನತಿನಲ್ಲಿಡಲಾಗುವುದು" ಎಂಬ ವಾಕ್ಯವಿತ್ತು. ಸಲಹೆಗಾರರೊಬ್ಬರು ಅದನ್ನು "ಮೂರು ಕಂತು ಬಾಕಿ ಇರುವವರಿಗೆ ನೋಟಿಸು ನೀಡಲಾಗುವುದು. ಮೂವತ್ತು ದಿನಗಳೊಳಗೆ ಉತ್ತರಿಸಬೇಕು. ಮತದಾನದ ಹಕ್ಕು ಅಮಾನತಾಗುತ್ತದೆ" ಎಂದು ಒಡೆದರು. ಉತ್ತರ ಕೊಟ್ಟವರ ಹಕ್ಕೂ ಹೋಗುತ್ತದೆಯೇ ಎಂಬ ಜಗಳ ಸರ್ವಸದಸ್ಯರ ಸಭೆಯನ್ನೇ ನುಂಗಿತು. ಇಡೀ ಪುಸ್ತಿಕೆಯನ್ನು ಮರುಮುದ್ರಿಸಿದೆವು. ಕಾಗದ, ಅಚ್ಚು, ಅಂಚೆ ಎಲ್ಲದಕ್ಕೂ ಎರಡನೆಯ ಬಾರಿ ಹಣ ಕಟ್ಟಿದೆವು, ವಕೀಲರ ಶುಲ್ಕ ಬೇರೆ.

ಕೈಪಿಡಿ ಸಂಪಾದಕ: "ಉತ್ತರಿಸದಿದ್ದರೆ" ಎಂಬ ಒಂದು ಪದ ಬಿಟ್ಟವರ ಲೋಪವನ್ನು ಚಿಕ್ಕ ವಾಕ್ಯದ ತಲೆಗೆ ಕಟ್ಟಬೇಡಿ.

ಭಾಷಾಶಾಸ್ತ್ರ ಅಧ್ಯಾಪಕಿ: ಆ ಮಾತು ಸರಿ, ಆದರೆ ಹನ್ನೆರಡರ ಮಿತಿಯೂ ಆಧಾರವಿಲ್ಲದ್ದು. ಈ ಎರಡನ್ನು ಹೋಲಿಸಿ ನೋಡಿ.

"ಅರ್ಜಿದಾರರು ಕಳೆದ ವರ್ಷ ಸಲ್ಲಿಸಿದ ದಾಖಲೆಗಳನ್ನು ಪರಿಶೀಲಿಸಿದ ಅಧಿಕಾರಿ ನೀಡಿದ ವರದಿಯನ್ನು ಆಧರಿಸಿ ಹೊರಡಿಸಿದ ಆದೇಶವನ್ನು ಸಮಿತಿ ರದ್ದುಪಡಿಸಿದೆ."

"ಅರ್ಜಿದಾರರು ತಮ್ಮ ಹತ್ತಿರದ ಕಚೇರಿಗೆ ಹೋಗಿ, ಅಲ್ಲಿ ಅರ್ಜಿ ನಮೂನೆ ಪಡೆದು, ಅದನ್ನು ತುಂಬಿ, ಆಧಾರ್ ಪ್ರತಿ ಲಗತ್ತಿಸಿ, ಶುಲ್ಕ ಕಟ್ಟಿ, ರಸೀದಿ ಪಡೆಯಬೇಕು."

ಮೊದಲನೆಯದರಲ್ಲಿ 14 ಪದಗಳಿದ್ದರೂ ಅದೇ ಕಠಿಣ. ಅರ್ಜಿದಾರರೇ ಕರ್ತೃವೆಂದು ಹೊರಟ ಓದುಗ, ನಿಜವಾದ ಕರ್ತೃವಾದ ಸಮಿತಿ ಕೊನೆಯಲ್ಲಿ ಸಿಗುವವರೆಗೆ ಯಾರು ಏನು ಮಾಡಿದರೆಂಬುದನ್ನು ನೆನಪಿನಲ್ಲಿ ಹೊತ್ತಿರಬೇಕು. ಎರಡನೆಯದರಲ್ಲಿ 18 ಪದಗಳಿದ್ದರೂ ಕರ್ತೃ ಒಬ್ಬರೇ, ಕೆಲಸಗಳು ನಡೆಯುವ ಕ್ರಮದಲ್ಲೇ ಬರುತ್ತವೆ.

ಇನ್ನು ಅಂಕದ ವಿಷಯ. ಇಂಥ ಅಂಕ ಲೆಕ್ಕಹಾಕುವ 1948ರ ಫ್ಲೆಶ್ ಸೂತ್ರ ಇಂಗ್ಲಿಷಿಗಾಗಿ ರೂಪುಗೊಂಡದ್ದು. ಪದವೊಂದರ ಸರಾಸರಿ ಉಚ್ಚಾರಾಂಶಗಳನ್ನು 84.6ರಿಂದ ಗುಣಿಸಿ ಒಂದು ಸ್ಥಿರ ಸಂಖ್ಯೆಯಿಂದ ಕಳೆಯುತ್ತದೆ, ಹಾಗಾಗಿ ಪದಗಳು ಉದ್ದವಾದಷ್ಟೂ ಅಂಕ ಇಳಿಯುತ್ತದೆ. ವಿಭಕ್ತಿಯನ್ನು ಪದಕ್ಕೇ ಅಂಟಿಸುವ ನಮ್ಮ ಭಾಷೆಯಲ್ಲಿ ಆ ಸುಲಭವಾದ ಎರಡನೆಯ ವಾಕ್ಯಕ್ಕೂ ಸುಮಾರು −56 ಬರುತ್ತದೆ, ಇಂಗ್ಲಿಷಿನಲ್ಲಿ 30ಕ್ಕಿಂತ ಕೆಳಗಿದ್ದರೇ ಅತಿ ಕಠಿಣ ಎನ್ನುತ್ತಾರೆ.

ಮುದ್ರಕ: ಅಕ್ಷರದ ಗಾತ್ರ ಹೆಚ್ಚಿಸಿ, ಓದುಸುಲಭತೆ ತಾನಾಗಿಯೇ ಬರುತ್ತದೆ.

ಭಾಷಾಶಾಸ್ತ್ರ ಅಧ್ಯಾಪಕಿ: ಅದು ಕಣ್ಣಿಗೆ ಕಾಣುವ ವಿಷಯ, ಇಲ್ಲಿ ಕೇಳಿರುವುದು ಅರ್ಥವಾಗುವ ವಿಷಯ.

ಕೈಪಿಡಿ ಸಂಪಾದಕ: ಅಂಕವೂ ಬೇಡ, ಮಿತಿಯೂ ಬೇಡವೆಂದರೆ ತರಬೇತಿಯಿಲ್ಲದ ಗುಮಾಸ್ತರು ಯಾವ ಅಳತೆಯಿಂದ ತಿದ್ದಬೇಕು?

ಸಂಘದ ಮಾಜಿ ಕಾರ್ಯದರ್ಶಿ: ಸದಸ್ಯರೊಬ್ಬರಿಗೆ ಓದಲು ಕೊಟ್ಟು, ಹಕ್ಕು ಯಾವಾಗ ಹೋಗುತ್ತದೆಂದು ಕೇಳಲಿ. ಮರುಮುದ್ರಣದ ನಂತರ ನಾವು ಹಾಗೆಯೇ ಮಾಡುತ್ತಿದ್ದೇವೆ.

ಕೈಪಿಡಿ ಸಂಪಾದಕ: ನೂರು ಪುಟಕ್ಕೆ ಅದು ನಡೆಯುವ ಮಾತಲ್ಲ.