ಕಾಶಿಗೆ ಹೊರಟವರ ಕುಂಡಗಳು

"ಹೊರಡೋ ದಿನ ಒಂದೊಂದು ಕುಂಡಕ್ಕೂ ಎರಡೆರಡು ಬಿಂದಿಗೆ ಸುರಿದುಬಿಟ್ರೆ ಆಯ್ತು. ಹದಿನಾಲ್ಕು ದಿನ ತಾನೇ?" ಅಂದ ಸೀನ, ಕೋಲಾರದ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡೀಲಿ ಕೂತು. ಏಪ್ರಿಲ್ ಕೊನೆಗೆ ಮನೆಮಂದಿಯೆಲ್ಲ ಕಾಶಿಗೆ ಹೊರಟಿದ್ದಾರೆ.

"ದಾಸವಾಳ ಏನು ಒಂಟೆ ಅಂದ್ಕೊಂಡ್ಯಾ?" ಅಂದರು ಮೇಷ್ಟ್ರು. "ಮಣ್ಣು ಹಿಡಿಯೋಷ್ಟು ಹಿಡಿಯುತ್ತೆ, ಮಿಕ್ಕಿದ್ದು ಅಡಿ ತೂತಿಂದ ನಿನ್ನ ತಾರಸಿಗೆ. ಹತ್ತಿಂಚು ಕುಂಡ ಈ ಬಿಸಿಲಲ್ಲಿ ನಾಲ್ಕು ದಿನ ತಡೆದರೆ ಹೆಚ್ಚು."

"ಹಾಗಾದ್ರೆ ಎಷ್ಟು ಬೇಕು ಅಂತ ಗಿಡಾನೇ ಕೇಳ್ಲಾ?"

"ಗಿಡ ಬೇಡ, ತಕ್ಕಡಿ ಕೇಳು," ಅಂದರು ಗಿರಿಜಕ್ಕ. "ಸಂಜೆ ನೀರು ಹಾಕಿ, ತೊಟ್ಟಿಕ್ಕೋದು ನಿಂತ ಮೇಲೆ ಕುಂಡ ತೂಗು. ಮಾರನೇ ಸಂಜೆ ಮತ್ತೆ ತೂಗು. ನಾನೂರು ಗ್ರಾಂ ಕಮ್ಮಿಯಾಗಿದ್ರೆ ನಾನೂರು ಎಂಎಲ್ ನೀರು ಹೋಯ್ತು ಅಂತ ಲೆಕ್ಕ. ಆಮೇಲೆ ಅದನ್ನೇ ದಿನವಿಡೀ ನೆರಳಿರೋ ಕಡೆ ಇಟ್ಟು ತೂಗು. ಇನ್ನೂರಕ್ಕಿಳಿದಿದ್ರೆ ಒಂದು ಕುಂಡಕ್ಕೆ ಹದಿನಾಲ್ಕು ದಿನಕ್ಕೆ 2.8 ಲೀಟರ್. ದಾಸವಾಳ, ಮಲ್ಲಿಗೆ, ಕರಿಬೇವು, ತುಳಸಿ, ನಾಲ್ಕೂ ಅಷ್ಟಷ್ಟೇ ಕುಡಿದರೂ 11.2 ಲೀಟರ್. ಹದಿನೈದು ಲೀಟರಿನ ಟಬ್ ಇಟ್ಟರೆ ಕೈ ಮಿಕ್ಕಿತು."

"ನೆರಳು ಅಂದ್ರೆ ರೂಮಿನೊಳಗೇ ಇಟ್ಟು ಬೀಗ ಹಾಕ್ತೀನಿ."

"ಹಾಕಪ್ಪಾ, ಬಂದಾಗ ಬರೀ ಕಡ್ಡಿ ಗುಡಿಸು. ಬಿಸಿಲಲ್ಲಿ ಬೆಳೆದ ಗಿಡ ಕತ್ತಲಲ್ಲಿ ಎಲೆ ಹಳದಿ ಮಾಡ್ಕೊಂಡು ಉದುರಿಸುತ್ತೆ. ನೆರಳಿರಬೇಕು, ಬೆಳಕೂ ಇರಬೇಕು."

"ಸರಿ, ಟಬ್ಬಿನ ನೀರು ಕುಂಡಕ್ಕೆ ನಡ್ಕೊಂಡು ಹೋಗುತ್ತಾ?"

"ನಿನ್ನ ಹಳೇ ಬನಿಯನ್ ಮೇಲೆ ಹೋಗುತ್ತೆ," ಅಂದರು ಮೇಷ್ಟ್ರು. "ಅಪ್ಪಟ ಹತ್ತಿಯದಾಗಿರಬೇಕು. ಉದ್ದಕ್ಕೆ ಹರಿದು ಬೆರಳು ದಪ್ಪ ಜಡೆ ಹೆಣಿ. ಹೊಸ ಬಟ್ಟೆ ಬೇಡ, ಗಂಜಿ ಇರೋದ್ರಿಂದ ನೀರು ಹೀರಲ್ಲ. ಹೊಸದೇ ಗತಿ ಅಂದ್ರೆ ಚೂರು ಸೋಪು ಹಾಕಿ ಕುದಿಸಿ ತೊಳೆ. ಕುಂಡಕ್ಕೆ ಮೊದಲು ಚೆನ್ನಾಗಿ ನೀರುಣಿಸಿ, ಜಡೇನೂ ನೆನೆಸಿ, ಒಂದು ತುದಿ ಮೂರು ನಾಲ್ಕಿಂಚು ಆಳಕ್ಕೆ ಹೂಳು. ಇನ್ನೊಂದು ತುದಿ ಟಬ್ಬಿನ ತಳಕ್ಕೆ ಮುಟ್ಟಬೇಕು, ತುದಿಗೊಂದು ಕಲ್ಲು ಕಟ್ಟು. ಒಣ ಮಣ್ಣಿಗೆ ಒಣ ಬತ್ತಿ ತುರುಕಿದ್ರೆ ಎರಡೂ ಸುಮ್ಮನೆ ಮುಖ ನೋಡ್ಕೊಂಡು ಕೂತಿರ್ತವೆ."

"ಟಬ್ ಸ್ಟೂಲ್ ಮೇಲಿಟ್ರೆ ನೀರು ಸಲೀಸಾಗಿ ಇಳಿಯುತ್ತಲ್ಲ?"

ಗಿರಿಜಕ್ಕ ಲೋಟ ಕೆಳಗಿಟ್ಟರು. "ಅಲ್ಲೇ ಕಣೋ ಎಲ್ಲರೂ ಕೆಡೋದು. ನೀರಿನ ಮಟ್ಟ ಕುಂಡದ ಮಣ್ಣಿಗಿಂತ ಮೇಲಿದ್ರೆ ಬತ್ತಿ ಹೀರೋದು ಬಿಟ್ಟು ಸೈಫನ್ ಆಗಿಬಿಡುತ್ತೆ. ಒಂದೆರಡು ದಿನದಲ್ಲೇ ಟಬ್ ಖಾಲಿ, ಬೇರಿಗೆಲ್ಲ ಸ್ನಾನ, ಆಮೇಲೆ ಉಪವಾಸ. ಟಬ್ ನೆಲದ ಮೇಲಿರಲಿ, ಕುಂಡಗಳು ಸುತ್ತಲೂ ಇಟ್ಟಿಗೆ ಮೇಲೆ. ಟಬ್ಬಿನ ಅಂಚಿಗಿಂತ ಮಣ್ಣು ಎರಡು ಮೂರಿಂಚು ಎತ್ತರಕ್ಕಿದ್ರೆ ಸಾಕು."

"ಬಕೆಟ್ ಆಗಲ್ವಾ?"

"ಬಕೆಟ್ಟಲ್ಲಿ ನೀರು ಇಳಿದ ಹಾಗೆ ಬತ್ತಿ ಇನ್ನೂ ಎತ್ತರಕ್ಕೆ ಎತ್ತಬೇಕು, ಎರಡನೇ ವಾರ ಸುಸ್ತು. ಬಟ್ಟೆ ನೆನೆಸೋ ಅಗಲದ ಟಬ್ ತಗೋ. ನಡುವೆ ಗಾಳಿಗೆ ಕಾಣೋ ಬತ್ತಿಗೆ ಹಳೇ ನೀರಿನ ಪೈಪಿನ ತುಂಡು ತೊಡಿಸು, ಇಲ್ಲದಿದ್ರೆ ಕೋಲಾರದ ಬಿಸಿಗಾಳೀನೇ ಅರ್ಧ ಕುಡಿಯುತ್ತೆ. ಟಬ್ಬಿಗೆ ಬಟ್ಟೆ ಬಿಗಿದು ಕಟ್ಟು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರೋಕೆ ಹತ್ತು ದಿನ ಸಾಕು, ನೀನು ಕೊಡ್ತಿರೋದು ಹದಿನಾಲ್ಕು."

"ಇದೆಲ್ಲ ಹೊರಡೋ ಬೆಳಗ್ಗೆ ಮಾಡ್ತೀನಿ ಬಿಡಿ."

"ಹೊರಡೋ ಬೆಳಗ್ಗೆ ನಿಮ್ಮನೇಲಿ ಪುಳಿಯೋಗರೆ ಕಟ್ಟೋ ಗಲಾಟೆ," ಅಂದರು ಮೇಷ್ಟ್ರು. "ಐದು ದಿನ ಮುಂಚೆ ಜೋಡಿಸು. ನೀರಿನ ಮಟ್ಟಕ್ಕೆ ಗೆರೆ ಹಾಕು. ಮೊದಲ ದಿನ ಬಿಡು, ಎರಡನೇ ದಿನದಿಂದ ಲೀಟರ್ ಬಾಟಲಿಯಲ್ಲಿ ಅಳೆದು ಗೆರೆಯವರೆಗೆ ತುಂಬು. ದಿನಕ್ಕೆ ಮುಕ್ಕಾಲು ಲೀಟರಿನ ಆಸುಪಾಸು ಹಿಡಿದ್ರೆ ಸರಿ. ಎರಡು ಲೀಟರ್ ಹಿಡಿದ್ರೆ ಎಲ್ಲೋ ಬತ್ತಿಯಿಂದ ನೆಲಕ್ಕೆ ತೊಟ್ಟಿಕ್ತಿದೆ. ಏನೂ ಇಳಿಯದೆ ಮಣ್ಣು ಒಣಗಿದ್ರೆ ಆ ಕುಂಡಕ್ಕೆ ಇನ್ನೊಂದು ಬತ್ತಿ."

"ಒಳಗಿರೋ ಸ್ನೇಕ್ ಪ್ಲಾಂಟಿಗೆ?"

"ಅದಕ್ಕೇನೂ ಬೇಡ, ಅದರ ಪಾಡಿಗೆ ಬಿಡು. ಬೀಗದ ಕೈ ಪಕ್ಕದ ಮನೆ ಅತ್ತೆಗೆ ಕೊಡ್ತೀಯಲ್ಲ, ಅವರಿಗೇ ಹೇಳಬೇಕು: ಏಳನೇ ದಿನ ಒಮ್ಮೆ ಬಂದು ಟಬ್ ಮಾತ್ರ ನೋಡಿ, ಕುಂಡ ಮುಟ್ಟಬೇಡಿ ಅಂತ."

"ಅತ್ತೆಗೆ ಕರುಣೆ ಜಾಸ್ತಿ, ದಿನಾ ಒಂದು ಚೊಂಬು ಹಾಕ್ತಾರೆ."

"ಹಾಗಾದ್ರೆ ಸ್ನೇಕ್ ಪ್ಲಾಂಟನ್ನ ಅಟ್ಟದ ಮೇಲಿಡು," ಅಂದರು ಗಿರಿಜಕ್ಕ. "ಬೆಳಕಿಲ್ಲದ ಹದಿನೈದು ದಿನ ಅದು ತಡೆಯುತ್ತೆ. ಅತ್ತೆ ಚೊಂಬು ತಡೆಯಲ್ಲ."