ಸಹಾಯ ಬೇಕು: ಎರಡು ಕಾರ್ಟ್ ಅಂಟಿಕೊಂಡ ಮ್ಯಾಲೆ ಮೊಮೆಂಟಮ್ ಕಡಿಮಿ ಬರಾಕತ್ತೈತಿ

ಎಲ್ಲಾರ್ಗೂ ನಮಸ್ಕಾರ್ರಿ, ನಾ ಧಾರವಾಡದಾಗ ಬಿಎಸ್ಸಿ ಮೊದಲ್ನೇ ವರ್ಷ ಓದಾಕತ್ತೀನಿ. ಲ್ಯಾಬ್‌ನ್ಯಾಗ ಟ್ರ್ಯಾಕ್ ಮ್ಯಾಲೆ ಅರ್ಧ ಅರ್ಧ ಕೆಜಿ ಎರಡು ಕಾರ್ಟ್ ಇಟ್ಟು, ನಿಂತಿದ್ದ ಒಂದಕ್ಕ ಇನ್ನೊಂದನ್ನ ದೂಡಿ ಬಡಿಸಿದ್ವಿ, ಮುಂದ ವೆಲ್ಕ್ರೋ ಐತಿ, ಚರ್ರ್ ಅಂತ ಹಿಡಕೊಂಡು ಎರಡೂ ಜೋಡೀಲೆ ಹೋಗ್ತಾವ.

ಮೊದಲ್ನೇ ಫೋಟೋಗೇಟ್‌ನ್ಯಾಗ ವೇಗ 0.60 ಮೀ/ಸೆ, ಅಂದ್ರ ಮೊಮೆಂಟಮ್ 0.30. ಡಿಕ್ಕಿ ಆದಮ್ಯಾಲೆ ತೂಕ ಡಬಲ್, ವೇಗ 0.30 ಬರಬೇಕಿತ್ತು, ಎರಡನೇ ಗೇಟ್‌ನ್ಯಾಗ 0.27 ಬರತೈತಿ. ಐದು ಸಲ ಮಾಡಿದ್ರೂ ಹಂಗ, ಅಂದ್ರ 10% ಹೋತು. ಕೈನೆಟಿಕ್ ಎನರ್ಜಿ ಅರ್ಧಕ್ಕಿಂತ ಜಾಸ್ತಿ ಹೋಗೈತಿ, ಅರ್ಧ ಹೋಗೂದು ಸರಿ ಅಂತ ಗೊತ್ತೈತ್ರಿ, ನನ್ನ ಚಿಂತಿ ಮೊಮೆಂಟಮ್‌ದು.

ಸ್ಪಿರಿಟ್ ಲೆವಲ್ ಇಟ್ಟು ಟ್ರ್ಯಾಕ್ ಸಮ ಮಾಡಿದೆ, ಕಾರ್ಟ್ ತೂಕಾನೂ ಮತ್ತ ನೋಡಿದೆ. ಗೇಟ್ ನಡುವ 60 ಸೆಂ.ಮೀ. ಐತಿ, ಡಿಕ್ಕಿ ಆಗೂದು ನಟ್ಟನಡುವ. ಘರ್ಷಣೆ ಇರಬೇಕಂತ ಒಂದ ಕಾರ್ಟ್ ಖಾಲಿ ಬಿಟ್ಟು ನೋಡಿದೆ, 0.60 ಹೋಗಿ 0.58 ಆತು, ಬರೇ 3%. ಇಲ್ಲೇ ನನಗ ತಲಿ ಕೆಟ್ಟೈತಿ, ಅದ ದಾರಿ, ಅದ ಗಾಲಿ, ಒಂಟಿ ಇದ್ದಾಗ 3%, ಜೋಡಿ ಆದಾಗ 10% ಹೆಂಗ?

ಜೋಡಿ ನಿಧಾನ ಹೋಗೂದಕ್ಕ ಘರ್ಷಣೆಗೆ ಟೈಮ್ ಜಾಸ್ತಿ ಸಿಗತೈತಿ ಅಂತ ಗೆಳ್ಯಾ ಅಂತಾನ. ಹಂಗಿದ್ರ ಒಂಟಿ ಕಾರ್ಟ್‌ನಿಂದ v² ಎಷ್ಟು ಇಳೀತು ಅಂತ ತಗೊಂಡು, ಅದರ ಅರ್ಧಾನ ಡಿಕ್ಕಿ ಮೊದಲೊಮ್ಮೆ, ಆಮ್ಯಾಲೊಮ್ಮೆ ಕಳೀಬೇಕೇನ್ರಿ? ಕಳದ್ರ 0.27 ಹತ್ರನ ಬರತೈತಿ. ಈ ತಿದ್ದುಪಡಿ ಜರ್ನಲ್‌ನ್ಯಾಗ ಬರದ್ರ ಸರಿನೋ, ಇಲ್ಲಾ ಗೇಟ್‌ಗಳನ್ನ ಡಿಕ್ಕಿ ಜಾಗದ ಹತ್ರ ಸರಿಸಿ ಮತ್ತ ರೀಡಿಂಗ್ ತಗೋಬೇಕೋ? ತಿಳದವ್ರು ಹೇಳ್ರಿ.